ಕರಡು ವರದಿಗೆ ಅಂಕ ಹಾಕುವ ಪಟ್ಟಿ: ಸಹಪಾಠಿ ಸಂಪಾದಕರಿಗಾಗಿ

ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. ಪ್ರಾಜೆಕ್ಟ್ ತಂಡವೊಂದು ಹಳ್ಳಿಯ 12 ಬೋರ್‌ವೆಲ್‌ಗಳ ನೀರು ಪರೀಕ್ಷಿಸಿ ಕರಡು ವರದಿ ಬರೆದಿದೆ. ಅದನ್ನು ಓದಿ ಅಂಕ ಕೊಡಬೇಕಾದವರು ಅದೇ ತರಗತಿಯವರು.

"ರಚನೆ ಚೆನ್ನಾಗಿದೆಯೇ?" ಎಂದು ಪಟ್ಟಿಯಲ್ಲಿ ಬರೆದರೆ ಕೆಲಸವಾಗದು. ಒಬ್ಬರಿಗೆ ಚೆನ್ನಾಗಿ ಕಂಡದ್ದು ಇನ್ನೊಬ್ಬರಿಗೆ ಕಾಣದು. ಪುಟದ ಮೇಲೆ ಬೆರಳಿಟ್ಟು ತೋರಿಸಬಹುದಾದದ್ದನ್ನೇ ಕೇಳಬೇಕು: "ಮುಖ್ಯ ಫಲಿತಾಂಶ ಮೊದಲ ಪುಟದಲ್ಲೇ ಇದೆಯೇ?" ಇದ್ದರೆ 2, ಇದ್ದೂ ಅಸ್ಪಷ್ಟವಾಗಿದ್ದರೆ 1, ಇಲ್ಲದಿದ್ದರೆ 0. ಐದು ಹಂತದ ಅಳತೆ ಬೇಡ. 3ಕ್ಕೂ 4ಕ್ಕೂ ಏನು ವ್ಯತ್ಯಾಸವೆಂದು ಯಾರೂ ವಿವರಿಸಲಾರರು, ಎಲ್ಲರೂ 3 ಹಾಕಿ ಕೈತೊಳೆದುಕೊಳ್ಳುತ್ತಾರೆ.

ತೂಕವನ್ನು ಪ್ರಶ್ನೆಗಳ ಸಂಖ್ಯೆಯಲ್ಲೇ ಇಡಬಹುದು. ನಿಖರತೆಗೆ ನಾಲ್ಕು, ರಚನೆಗೆ ಮೂರು, ಧಾಟಿಗೆ ಎರಡು, ವಿನ್ಯಾಸಕ್ಕೆ ಒಂದು. ಒಟ್ಟು 20 ಅಂಕ. ಪುಟ ವಿನ್ಯಾಸಕ್ಕೆ ಒಂದೇ ಪ್ರಶ್ನೆ ಸಾಕು (ಕೋಷ್ಟಕಗಳಿಗೆಲ್ಲ ಸಂಖ್ಯೆ, ಶೀರ್ಷಿಕೆ, ಅಳತೆಯ ಮಾನ ಇವೆಯೇ?). ಫಾಂಟು, ಅಂಚು ಸುಲಭವಾಗಿ ಕಣ್ಣಿಗೆ ಬೀಳುವುದರಿಂದ, ಬಿಟ್ಟರೆ ಸಂಪಾದಕರು ಅಲ್ಲೇ ಸುತ್ತುತ್ತಿರುತ್ತಾರೆ.

ನಿಖರತೆಯನ್ನು ಓದಿ ತಿಳಿಯಲಾಗದು, ತಾಳೆ ನೋಡಬೇಕು. ಕರಡಿನ ಜೊತೆ ಮೂಲ ದಾಖಲೆಯೂ ಸಂಪಾದಕರ ಕೈಗೆ ಬರಲಿ. ಕರಡಿನಲ್ಲಿ "7 ಬೋರ್‌ವೆಲ್‌ಗಳಲ್ಲಿ, ಅಂದರೆ ಶೇ. 68ರಲ್ಲಿ, ಫ್ಲೋರೈಡ್ ಮಿತಿ ಮೀರಿದೆ" ಎಂದಿದೆ ಎನ್ನಿ. 12ರಲ್ಲಿ 7 ಎಂದರೆ ಸುಮಾರು ಶೇ. 58. ಅದಕ್ಕಿಂತ ದೊಡ್ಡ ತೊಡಕು "ಮಿತಿ" ಎಂಬಲ್ಲಿದೆ. ಭಾರತೀಯ ಮಾನಕ ಐಎಸ್ 10500ರಲ್ಲಿ ಲೀಟರಿಗೆ 1 ಮಿ.ಗ್ರಾಂ ಸ್ವೀಕಾರಾರ್ಹ ಮಿತಿ. ಬೇರೆ ನೀರಿನ ಮೂಲವಿಲ್ಲದಿದ್ದರೆ 1.5ರ ತನಕ ಒಪ್ಪಬಹುದು. ಮೂಲ ದಾಖಲೆಯಲ್ಲಿ 1 ದಾಟಿದವು ಏಳು, 1.5 ದಾಟಿದವು ನಾಲ್ಕೇ ಆಗಿದ್ದರೆ, ಯಾವ ಮಿತಿಯೆಂದು ಹೇಳದ ವಾಕ್ಯ ಓದುಗನನ್ನು ದಾರಿ ತಪ್ಪಿಸುತ್ತದೆ. ಹಾಗಾಗಿ ಒಂದು ಪ್ರಶ್ನೆ ಹೀಗಿರಲಿ: "ಮುಖ್ಯ ಫಲಿತಾಂಶದ ಅಂಕಿ ಮೂಲ ದಾಖಲೆಗೆ ತಾಳೆಯಾಗುತ್ತದೆಯೇ, ಯಾವ ಮಿತಿಗೆ ಹೋಲಿಸಿದ್ದೆಂದು ಹೇಳಿದೆಯೇ?" ಇದಕ್ಕೆ 0 ಬಂದರೆ ಒಟ್ಟು ಅಂಕ ಕೂಡಿಸದೆ ಕರಡನ್ನು ಹಿಂದಿರುಗಿಸಬೇಕು. ಇಲ್ಲವಾದರೆ ಮುಖ್ಯ ಅಂಕಿಯೇ ತಪ್ಪಿರುವ ವರದಿಗೂ 20ಕ್ಕೆ 18 ಬಂದುಬಿಡಬಹುದು.

ಧಾಟಿಯನ್ನೂ ಎಣಿಸಬಹುದು. "ಪಂಚಾಯಿತಿಯ ನಿರ್ಲಕ್ಷ್ಯದಿಂದ ನೀರು ಕೆಟ್ಟಿದೆ" ಎಂಬುದನ್ನು ಫ್ಲೋರೈಡ್ ಪರೀಕ್ಷೆ ಹೇಳುವುದಿಲ್ಲ. ಅಳತೆಯಲ್ಲಿಲ್ಲದ ಆರೋಪದ ವಾಕ್ಯ ಒಂದೂ ಇಲ್ಲದಿದ್ದರೆ 2, ಒಂದಿದ್ದರೆ 1, ಹೆಚ್ಚಿದ್ದರೆ 0. ಅಂಕ ಕಡಿತವಾದ ಕಡೆಯೆಲ್ಲ ಪುಟ ಸಂಖ್ಯೆ ಬರೆಯುವುದು ಕಡ್ಡಾಯ. ಬರೆಯದ ಕಡಿತ ಲೆಕ್ಕಕ್ಕಿಲ್ಲ.

ಪಟ್ಟಿಯನ್ನು ಎಲ್ಲರಿಗೂ ಹಂಚುವ ಮೊದಲು ಒಂದೇ ಕರಡನ್ನು ಇಬ್ಬರಿಗೆ ಬೇರೆಬೇರೆಯಾಗಿ ಕೊಡಿ. ಇಬ್ಬರ ಮೊತ್ತವೂ 14 ಎಂದು ಸಮಾಧಾನ ಪಡಬೇಡಿ, ಪ್ರಶ್ನೆವಾರು ಹೋಲಿಸಿ. ಒಬ್ಬರು 2, ಇನ್ನೊಬ್ಬರು 0 ಹಾಕಿದ ಪ್ರಶ್ನೆಯನ್ನು ತಿದ್ದಬೇಕು. "ವಿಧಾನ ವಿವರಿಸಿದೆಯೇ?" ಎಂಬುದು ಹೀಗೆ ಸಿಕ್ಕಿಬೀಳುವ ಪ್ರಶ್ನೆ. "ಮಾದರಿ ತೆಗೆದ ದಿನಾಂಕ, ಜಾಗ, ಪರೀಕ್ಷಾ ವಿಧಾನ ಮೂರೂ ಇವೆಯೇ?" ಎಂದು ಬದಲಿಸಿ ಮತ್ತೆ ಇಬ್ಬರಿಗೆ ಕೊಟ್ಟು ನೋಡಿ.