ಎತ್ತರದಲ್ಲಿ ವ್ಯತ್ಯಾಸ ಜಾಸ್ತಿಯೋ, ತೂಕದಲ್ಲೋ?

ಐದು ಹೆಂಗಸರ ಎತ್ತರ 150, 155, 160, 165, 170 ಸೆಂಟಿಮೀಟರ್ ಅಂದುಕೊಳ್ಳಿ. ಅವರ ತೂಕ 42, 46, 50, 54, 68 ಕಿಲೋ. ಇವರು ಒಬ್ಬರಿಗಿಂತ ಒಬ್ಬರು ಹೆಚ್ಚು ಬೇರೆಯಾಗಿರುವುದು ಎತ್ತರದಲ್ಲೋ, ತೂಕದಲ್ಲೋ?

ಅಂಕಿಗಳು ಸರಾಸರಿಯಿಂದ ಎಷ್ಟು ದೂರ ಚದುರಿವೆ ಅಂತ ಹೇಳುವ ಅಳತೆ ಮಾನಕ ವಿಚಲನೆ. ಲೆಕ್ಕ ಹಾಕಿದರೆ ಎತ್ತರಕ್ಕೆ ಅದು ಸುಮಾರು 7.9 ಸೆಂಟಿಮೀಟರ್, ತೂಕಕ್ಕೆ ಸರಿಯಾಗಿ 10 ಕಿಲೋ. ಹಾಗಾದರೆ ತೂಕವೇ ಸ್ವಲ್ಪ ಜಾಸ್ತಿ ಅಲ್ವಾ? ಇಲ್ಲ, ಹಾಗೆ ಹೇಳುವಂತಿಲ್ಲ. ಎತ್ತರವನ್ನು ಮಿಲಿಮೀಟರಿನಲ್ಲಿ ಬರೆದರೆ 7.9 ಹೋಗಿ 79 ಆಗುತ್ತದೆ. ಆ ಹೆಂಗಸರು ಇದ್ದ ಹಾಗೇ ಇದ್ದಾರೆ, ಉತ್ತರ ಮಾತ್ರ ತಲೆಕೆಳಗಾಯಿತು. ಸೆಂಟಿಮೀಟರನ್ನೂ ಕಿಲೋವನ್ನೂ ನೇರವಾಗಿ ಹೋಲಿಸಿದರೆ ಆಗುವುದೇ ಹೀಗೆ.

ಇದಕ್ಕೆ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ 1896ರಲ್ಲಿ ಒಂದು ದಾರಿ ಕೊಟ್ಟರು: ಮಾನಕ ವಿಚಲನೆಯನ್ನು ಅದೇ ಗುಂಪಿನ ಸರಾಸರಿಯಿಂದ ಭಾಗಿಸಿ, ನೂರರಿಂದ ಗುಣಿಸಿ. ಇದೇ ಮಾರ್ಪಿನ ಗುಣಾಂಕ. ಎತ್ತರದ ಸರಾಸರಿ 160, ಆದ್ದರಿಂದ 7.9 ÷ 160, ಅಂದರೆ ಸುಮಾರು ಶೇ. 5. ತೂಕದ ಸರಾಸರಿ 52, ಆದ್ದರಿಂದ 10 ÷ 52, ಸುಮಾರು ಶೇ. 19. ಮೇಲೆ ಕಿಲೋ, ಕೆಳಗೂ ಕಿಲೋ, ಎರಡೂ ಹೊಡೆದುಹೋಗುತ್ತವೆ. ಗ್ರಾಂನಲ್ಲಿ ಅಳೆದರೂ ಪೌಂಡಿನಲ್ಲಿ ಅಳೆದರೂ ಶೇ. 19 ಹಾಗೇ ಉಳಿಯುತ್ತದೆ.

ಈಗ ತೂಕವೇ ಹೆಚ್ಚು ಚದುರಿದೆ ಅಂತ ಧೈರ್ಯವಾಗಿ ಹೇಳಬಹುದು. ಆದರೆ ಯಾಕೆ ಅಂತಲೂ ಕೇಳಬೇಕು. ಇಲ್ಲಿ ಕಾರಣ ಎರಡಿವೆ. ಒಂದು, ಆ 68 ಕಿಲೋ. ಅವರೊಬ್ಬರನ್ನು ಬಿಟ್ಟು ಉಳಿದ ನಾಲ್ವರ ತೂಕ ನೋಡಿದರೆ ಗುಣಾಂಕ ಶೇ. 11ಕ್ಕೆ ಇಳಿಯುತ್ತದೆ. ಗುಂಪು ಚಿಕ್ಕದಿದ್ದಾಗ ಒಬ್ಬರೇ ಲೆಕ್ಕವನ್ನು ಇಷ್ಟು ಎಳೆದಾಡಬಲ್ಲರು. ಎರಡನೆಯದು ನನಗೆ ಹೆಚ್ಚು ಇಷ್ಟವಾದದ್ದು. ಎತ್ತರ ಒಂದೇ ದಿಕ್ಕಿನ ಅಳತೆ, ತೂಕ ಇಡೀ ಮೈಯದು. ದೊಡ್ಡವರಲ್ಲಿ ತೂಕ ಸುಮಾರಾಗಿ ಎತ್ತರದ ವರ್ಗದ ಜೊತೆ ಏರುತ್ತದೆ ಅಂತ ಬೆಲ್ಜಿಯಂನ ಅಡಾಲ್ಫ್ ಕ್ವೆಟಲೆ 19ನೇ ಶತಮಾನದಲ್ಲೇ ಗಮನಿಸಿದ್ದರು. ಆ ಪ್ರಕಾರ ಎತ್ತರ ಶೇ. 5 ಹೆಚ್ಚಾದರೆ ತೂಕ ಸುಮಾರು ಶೇ. 10 ಹೆಚ್ಚಬೇಕು. ಹಾಗಾಗಿ ಎಲ್ಲರ ಮೈಕಟ್ಟು ಒಂದೇ ತೆರನಾಗಿದ್ದರೂ ತೂಕದ ಗುಣಾಂಕ ಎತ್ತರದ ಎರಡರಷ್ಟು ಬರುತ್ತಿತ್ತು. ಶೇ. 19 ಕಂಡ ಕೂಡಲೇ ಅಷ್ಟನ್ನೂ ಊಟ, ಕೆಲಸ, ಬೊಜ್ಜಿನ ಲೆಕ್ಕಕ್ಕೆ ಹಾಕುವುದು ತಪ್ಪು.

ಇನ್ನೊಂದು ಎಚ್ಚರಿಕೆ. ಈ ಗುಣಾಂಕ ಅಳತೆಯ ಮಾನ ಬದಲಾದರೆ ಅಲುಗುವುದಿಲ್ಲ, ಸೊನ್ನೆ ಜರುಗಿದರೆ ಕೆಡುತ್ತದೆ. ಗೋಡೆಯ ಮೇಲೆ 100 ಸೆಂಟಿಮೀಟರಿನಿಂದ ಶುರುವಾಗುವ ಪಟ್ಟಿ ಇದೆ, ಅಳೆದವರು ಸುಮ್ನೆ 50, 55, 60 ಅಂತ ಬರೆದುಕೊಂಡರು ಅನ್ನಿ. ಮಾನಕ ವಿಚಲನೆ 7.9 ಆಗಿಯೇ ಇರುತ್ತದೆ, ಸರಾಸರಿ ಮಾತ್ರ 60 ಆಗುತ್ತದೆ. ಶೇ. 5 ಇದ್ದದ್ದು ಶೇ. 13 ಆಯಿತು! ಸರಾಸರಿಯನ್ನು ಪಕ್ಕದಲ್ಲೇ ಬರೆದಿಟ್ಟರೆ ಈ ತಪ್ಪು ತಕ್ಷಣ ಕಾಣುತ್ತದೆ. ಸೆಲ್ಸಿಯಸ್ ಉಷ್ಣಾಂಶಕ್ಕೆ ಮಾರ್ಪಿನ ಗುಣಾಂಕ ಹಾಕಬಾರದು ಅನ್ನುವುದೂ ಇದಕ್ಕೇ: ಅಲ್ಲಿನ ಸೊನ್ನೆ ನೀರು ಹೆಪ್ಪುಗಟ್ಟುವ ಗುರುತು, 'ಏನೂ ಇಲ್ಲ' ಅನ್ನುವ ಸೊನ್ನೆಯಲ್ಲ.