ಒಡದ್ಹೋತು, ಒಡದಬಿಟ್ಟ, ಒಡದಾತು: ಎರಡನೇ ಕ್ರಿಯಾಪದ ಏನ್ ಕೆಲಸಾ ಮಾಡ್ತೈತಿ?

ಸಂಯುಕ್ತ ಕ್ರಿಯಾಪದ ಅಂದ್ರ ಎರಡು ಕ್ರಿಯಾಪದ ಜೋಡಿಯಾಗಿ ಬಂದು ಒಂದ ಕೆಲಸದ ಸುದ್ದಿ ಹೇಳೋದು. "ಹೇಳಿಬಿಟ್ಟ" ಅಂದಾಗ ನಡದಿದ್ದು ಹೇಳೋ ಕೆಲಸ ಒಂದ, ಯಾರೂ ಏನನ್ನೂ ಬಿಟ್ಟಿಲ್ಲ. "ಸುಟ್ಟುಹೋತು" ಅಂದಾಗ ಸುಟ್ಟ ರೊಟ್ಟಿ ಎಲ್ಲಿಗೂ ಹೋಗಿಲ್ಲ, ಹಂಚಿನ ಮ್ಯಾಲೇ ಐತಿ. ಮೊದಲನೇ ಕ್ರಿಯಾಪದ ಏನಾತು ಅಂತ ಹೇಳ್ತೈತಿ, ಎರಡನೇದು ತನ್ನ ಸ್ವಂತ ಅರ್ಥ ಬದಿಗಿಟ್ಟು, ಅದು ಹೆಂಗ ಮುಗೀತು, ಯಾರ ಸಲುವಾಗಿ ಆತು, ಹೇಳೋ ಮನಶಾಗ ಅದರ ಬಗ್ಗೆ ಏನ್ ಅನಸ್ತು ಅನ್ನೋದನ್ನ ಹೇಳ್ತೈತಿ. ಸಾಲಿ ವ್ಯಾಕರಣದಾಗ ಇದಕ್ಕ ಸಹಾಯಕ ಕ್ರಿಯಾಪದ ಅಂತ ಒಂದ ಹೆಸರು ಕೊಟ್ಟು ಮುಂದ ಹೋಗ್ತಾರ, ಭಾಷಾವಿಜ್ಞಾನದವರು ವೆಕ್ಟರ್ ಅಂತಾರ, ಎಕ್ಸ್‌ಪ್ಲಿಕೇಟರ್ ಅಂತನೂ ಅಂತಾರ. ಭಾಷಾವಿಜ್ಞಾನಿ ಕಾಲಿನ್ ಮಸಿಕಾ 1976ರಾಗ ದಕ್ಷಿಣ ಏಷ್ಯಾದ ಭಾಷೆಗಳನ್ನ ಒಂದ ಪ್ರದೇಶ ಅಂತ ಯಾಕ ನೋಡಬೇಕು ಅಂತ ತೋರಸಾಕ ಹೋದಾಗ ಆರಿಸಿಕೊಂಡ ಲಕ್ಷಣಗಳೊಳಗ ಇದೂ ಒಂದು. ಯಾಕಂದ್ರ ಹಿಂದಿ, ಮರಾಠಿ ಒಂದ ಕುಟುಂಬ, ಕನ್ನಡ, ತಮಿಳು, ತೆಲುಗು ಬ್ಯಾರೆ ಕುಟುಂಬ, ಆದ್ರೂ ಈ ಜೋಡಿ ಕಟ್ಟೋ ರೀತಿ ಎಲ್ಲಾ ಕಡೆನೂ ಐತಿ.

ಭಾಳ ಪುಸ್ತಕದಾಗ ಎರಡನೇ ಕ್ರಿಯಾಪದ "ಪೂರ್ಣತೆ" ತೋರಸ್ತೈತಿ ಅಂತ ಬರದಿರ್ತಾರ. ಅದು ಸುಳ್ಳಲ್ಲ, ಆದ್ರ ಅರ್ಧಾನೂ ಅಲ್ಲ. "ಕಪ್ಪು ಒಡೀತು" ಅಂದ್ರ ಅಲ್ಲೇ ಪೂರ್ತಿ ಮುಗದೈತಿ, ಅರ್ಧಾ ಒಡೀತು ಅಂತ ಯಾರೂ ತಿಳಕೊಳ್ಳೂದಿಲ್ಲ. ಹಂಗಾದ್ರ ಅದಕ್ಕ ಇನ್ನೊಂದ ಪೂರ್ಣತೆ ಯಾಕ ಹಚ್ಚಬೇಕು? ಇದನ್ನ ನೋಡಾಕ "ಒಡಿ" ಅನ್ನೋ ಕ್ರಿಯಾಪದ ಭಾಳ ಚಲೋ, ಯಾಕಂದ್ರ ಕನ್ನಡದಾಗ ತಾನ ಒಡಿಯೋದಕ್ಕೂ ಒಬ್ಬರು ಒಡಿಯೋದಕ್ಕೂ ಇದೊಂದ ಪದ. ಕಪ್ಪೂ ಒಡೀತೈತಿ, ಹುಡುಗನೂ ಕಪ್ಪ ಒಡೀತಾನ. ಹಿಂದಿಯಾಗ ಹಂಗಿಲ್ಲ, ತಾನ ಮುರಿಯೋದು ಟೂಟ್, ಒಬ್ಬರು ಮುರಿಯೋದು ತೋಡ್, ಎರಡು ಬ್ಯಾರೆ ಬ್ಯಾರೆ ಪದ. ತಮಿಳಿನಾಗೂ ತಾನ ಒಡದ್ರ ಉಡೈಂದು, ಒಡದವರಿದ್ರ ಉಡೈತ್ತು ಅಂತ ರೂಪ ಬದಲಾಗ್ತೈತಿ. ನಮ್ಮ "ಒಡದು" ಮಾತ್ರ ಎರಡೂ ಕಡೆ ಒಂದ ಥರಾ ಇರ್ತೈತಿ, ಹಿಂಗಾಗಿ ಅದರ ಹಿಂದ ಬರೋ ಕ್ರಿಯಾಪದದ ಮ್ಯಾಲ ಜವಾಬ್ದಾರಿ ಜಾಸ್ತಿ.

ಮನ್ಯಾಗ ಚಾದ ಕಪ್ಪು ಒಡದೈತಿ ಅಂತ ಇಟ್ಕೊಳ್ರಿ. "ಕಪ್ಪು ಒಡದ್ಹೋತು" ಅಂತ ಒಬ್ಬರು ಅಂತಾರ. "ಹೋಗು" ಹಚ್ಚಿದ ಕೂಡ್ಲೆ ಒಡದವ ಯಾರೂ ಇಲ್ಲ ಅಂತ ಆಗ್ತೈತಿ, ವಾಕ್ಯದಾಗ ಒಡದವರ ಹೆಸರು ಇಡಾಕ ಜಾಗಾನ ಇಲ್ಲ. "ರಾಜು ಕಪ್ಪ ಒಡದ್ಹೋದ" ಅಂತ ಅನ್ನಾಕ ಬರೂದಿಲ್ಲ, ಅಂದ್ರೂ ಕೇಳಿದವರು "ಒಡದು, ಆಮ್ಯಾಲ ಎದ್ದು ಹೋದ" ಅಂತ ಎರಡು ಕೆಲಸ ತಿಳಕೊಳ್ತಾರ. "ರಾಜು ಕಪ್ಪ ಒಡದಹಾಕಿದ" ಅಂದ್ರ ಅದರ ತದ್ವಿರುದ್ಧ. "ಹಾಕು" ಬರಬೇಕಂದ್ರ ಮಾಡಿದವ ಇರಬೇಕು, ಮ್ಯಾಲೆ ಅಲ್ಲಿ ಸ್ವಲ್ಪ ಜೋರೂ ಇರ್ತೈತಿ, ನಾಶ ಮಾಡಿದ ಅನ್ನೋ ವಾಸನಿ ಇರ್ತೈತಿ. ಹರದಹಾಕು, ಕೊಂದಹಾಕು, ತಿಂದಹಾಕು ಎಲ್ಲಾದರಾಗೂ ಇದನ್ನ ನೋಡಬಹುದು. ಕಪ್ಪಿಗೆ "ಒಡದಹಾಕ್ತು" ಅಂತ ಹಚ್ಚಾಕ ಆಗೂದಿಲ್ಲ. ಅಂದ್ರ "ಒಡಿ" ಹೇಳದ ಬಿಟ್ಟ ಮಾಹಿತಿನ, ಮಾಡಿದವ ಇದಾನೋ ಇಲ್ಲೋ ಅನ್ನೋದನ್ನ, ಈ ಎರಡು ತುಂಬಿಕೊಡ್ತಾವು.

ಈಗ "ಬಿಡು" ನೋಡ್ರಿ. ಇದು ಎರಡೂ ಕಡೆ ನಡೀತೈತಿ. "ಕಪ್ಪು ಒಡದಬಿಡ್ತು" ಅಂತನೂ ಅಂತೀವಿ, "ರಾಜು ಕಪ್ಪ ಒಡದಬಿಟ್ಟ" ಅಂತನೂ ಅಂತೀವಿ. ಹಂಗಾದ್ರ ಮಾಡಿದವನ ಸುದ್ದಿ ಹೇಳೋದು ಇದರ ಕೆಲಸ ಅಲ್ಲ. ಇದು ಹೇಳೋದು ಏನಂದ್ರ, ಆಗೂದು ಆತು, ಇನ್ನ ಹಿಂದ ತರಾಕ ಬರೂದಿಲ್ಲ, ಮತ್ತ ಅದು ಆಗೂದರೊಳಗ ತಡಿಯಾಕ ಯಾರ ಕಡೆನೂ ಆಗಲಿಲ್ಲ. ಹುಬ್ಬಳ್ಳಿ ಬಸ್ ಸ್ಟಾಪಿನಾಗ ನಿಂತವರು "ಚಿಗರಿ ಹೋತು" ಅಂದ್ರ ಅದು ಸುದ್ದಿ, ಚಿಗರಿ ಬಸ್ಸು ಹೊಂಟಿತು ಅಷ್ಟ. "ಚಿಗರಿ ಹೋಗಿಬಿಡ್ತು" ಅಂದ್ರ ಹೇಳಿದವರು ಅದರಾಗ ಹತ್ತಬೇಕಿತ್ತು ಅಂತ ಕೇಳಿದವರಿಗೆ ತಾನ ತಿಳೀತೈತಿ. ಬಸ್ಸಿಗೆ ಆಗಿದ್ದು ಎರಡರಾಗೂ ಒಂದ, ಬ್ಯಾರೆ ಆಗಿದ್ದು ಹೇಳೋರ ಮನಸು. ಹಂಗಂತ "ಬಿಡು" ಅಂದ್ರ ಯಾವಾಗಲೂ ಹಳಹಳಿ ಅಂತ ಅಲ್ಲ, "ಸಾಲ ತೀರಿಸಿಬಿಟ್ಟೆ" ಅಂದಾಗ ಅದು ನಿರಾಳ, "ಅಂವ ಪಾಸಾಗಿಬಿಟ್ಟ" ಅಂದಾಗ ಆಶ್ಚರ್ಯ. ಯಾವ ಭಾವ ಅನ್ನೋದು ಸಂದರ್ಭದಿಂದ ಬರ್ತೈತಿ, ಹಿಂದ ಬರೂದಿಲ್ಲ ಅನ್ನೋದು ಮಾತ್ರ "ಬಿಡು"ದಿಂದ ಬರ್ತೈತಿ. ನನ್ನ ಪ್ರಕಾರ ಪೂರ್ಣತೆ ಅನ್ನೋಕಿಂತ ಹಿಂಗ ಹೇಳೋದ ಹೆಚ್ಚು ಸರಿ.

ಇದನ್ನ "ಆಗು" ಜೊತಿ ಇಟ್ಟು ನೋಡಿದ್ರ ಇನ್ನೂ ಸ್ಪಷ್ಟ ಆಗ್ತೈತಿ, ಯಾಕಂದ್ರ ಅದಕ್ಕೂ ಪುಸ್ತಕದಾಗ ಪೂರ್ಣತೆ ಅಂತನ ಬರದಿರ್ತಾರ. ಸಿದ್ಧಾರೂಢ ಮಠಕ್ಕ ಹೋದವರಿಗೆ ಮನಿಯಿಂದ ಫೋನ್ ಬರ್ತೈತಿ, "ಕಾಯಿ ಒಡಸಿದ್ರ್ಯಾ?" "ಹೂಂ, ಒಡಸಿ ಆತು." ಇಲ್ಲಿ "ಒಡಸಿಬಿಟ್ವಿ" ಅಂತನೂ ಅನ್ನಬಹುದು, ಆದ್ರ ಆಗ ನೀವು ಬರೋ ತನಕಾ ಕಾಯಲಿಲ್ಲ ಅನ್ನೋ ಅರ್ಥ ನುಸುಳ್ತೈತಿ. "ಆತು" ಅಂದ್ರ ಮಾಡಬೇಕು ಅಂತ ಮೊದಲ ಇದ್ದ ಕೆಲಸ ಮುಗೀತು. ಅದಕ್ಕ ಯಾರರ "ಚಾದ ಕಪ್ಪು ಒಡದಾತು" ಅಂದ್ರ ಕಿವಿಗೆ ವಿಚಿತ್ರ ಅನಸ್ತೈತಿ, ಕಪ್ಪ ಒಡಿಯೋದು ಇವತ್ತಿನ ಕೆಲಸದ ಪಟ್ಟಿಯೊಳಗ ಇತ್ತೇನ ಅನ್ನೋ ಹಂಗ. ಎರಡೂ ಮುಗದಿದ್ದನ್ನ ಹೇಳ್ತಾವು, ಆದ್ರ ಒಂದು ಕಾದಿದ್ದು ಮುಗದಿದ್ದು, ಇನ್ನೊಂದು ಕೈ ಮೀರಿ ಮುಗದಿದ್ದು.

ಉಳಿದವು ಇಷ್ಟು ಕಷ್ಟ ಇಲ್ಲ. "ತಲಿ ಒಡಕೊಂಡ" ಅಂದ್ರ ಕೆಲಸದ ಫಲ ಮಾಡಿದವಗ ಬಂತು, "ಕಾಯಿ ಒಡದಕೊಟ್ಟ" ಅಂದ್ರ ಇನ್ನೊಬ್ಬರಿಗೆ ಅನುಕೂಲ ಆತು, "ಒಡದನೋಡಿದ" ಅಂದ್ರ ಒಳಗ ಚಲೋ ಐತೋ ಕೆಟ್ಟೈತೋ ತಿಳಕೊಳ್ಳಾಕ ಒಡದ, "ಒಡದಿಟ್ಟಳು" ಅಂದ್ರ ಮುಂದ ಬೇಕಾಗ್ತೈತಿ ಅಂತ ಒಡದಳು. ಆದ್ರ ಈ ಕಡೀದರಾಗ ಒಂದ ತೊಡಕೈತಿ, ಒಡದು ಎಲ್ಲೋ ಇಟ್ಟಳು ಅಂತ ಎರಡು ಕೆಲಸನೂ ಇರಬಹುದು. ಗೊತ್ತ ಮಾಡ್ಕೊಳ್ಳೋದು ಹೆಂಗಂದ್ರ ನಡುವ ಒಂದ ಪದ ತೂರಿಸಿ ನೋಡ್ರಿ. "ಒಡದು ತಾಟಿನಾಗ ಇಟ್ಟಳು" ಅಂದ ಕೂಡ್ಲೆ ಅದು ಎರಡು ಕೆಲಸ ಆತು, "ಇಡು"ಗೆ ಅದರ ಸ್ವಂತ ಅರ್ಥ ವಾಪಸ್ ಬಂತು. ಖರೇ ಸಂಯುಕ್ತ ಕ್ರಿಯಾಪದದ ನಡುವ ಹಿಂಗ ಪದ ಹೊಗಸಾಕ ಬರೂದಿಲ್ಲ, "ಒಡದು ನಿನ್ನೆ ಬಿಟ್ಟ" ಅಂತ ಯಾರೂ ಅನ್ನೂದಿಲ್ಲ. ಒತ್ತು ಕೊಡೋ "ಏ" ಅಂಥದ್ದು ಮಾತ್ರ ನಡುವ ಕುಂಡ್ರತೈತಿ, "ಒಡದೇಬಿಟ್ಟ", "ಹೋಗೇಬಿಟ್ಟ".

ಇನ್ನೊಂದ ಪರೀಕ್ಷೆ ಅಂದ್ರ "ಇಲ್ಲ" ಹಚ್ಚಿ ನೋಡೋದು. "ರಾಜು ಕಪ್ಪ ಒಡೀಲಿಲ್ಲ" ಸರಿ ಐತಿ, "ಒಡದಬಿಡಲಿಲ್ಲ" ಸಾಮಾನ್ಯವಾಗಿ ಬರೂದಿಲ್ಲ. ಹಿಂದಿಯಾಗೂ "ತೋಡ್ ದಿಯಾ"ಕ್ಕ ಸಾದಾ ನಿರಾಕರಣೆ ಬೇಕಾದ್ರ "ನಹೀ ತೋಡಾ" ಅಂತಾರ, ದಿಯಾ ಬಿದ್ದುಹೋಗ್ತೈತಿ. ಕಾರಣ ಸರಳ ಐತಿ, ನಡೀದೇ ಇದ್ದದ್ದಕ್ಕ ಹಿಂದ ಬರಲಾರದ ಮುಕ್ತಾಯ ಎಲ್ಲಿಂದ ಬರಬೇಕು? ಆದ್ರ "ಒಡದಬಿಡಬ್ಯಾಡ" ಅಂತ ಅನ್ನಾಕ ಬರ್ತೈತಿ, ಯಾಕಂದ್ರ ಅಲ್ಲಿ ಆ ಮುಕ್ತಾಯದ್ದ ಹೆದರಿಕಿ ಐತಿ. "ಕೊಡು"ಗೆ ಈ ಕಟ್ಟು ಇಲ್ಲವೇ ಇಲ್ಲ, "ಕಾಯಿ ಒಡದಕೊಡಲಿಲ್ಲ" ಅಂತ ಆರಾಮ ಅನ್ನಬಹುದು, ಅದು ಯಾರ ಸಲುವಾಗಿ ಅಂತ ಹೇಳ್ತೈತಿ ಹೊರತು ಹೆಂಗ ಮುಗೀತು ಅಂತ ಹೇಳೂದಿಲ್ಲ. ಹಂಗ ನಮ್ಮ ಕಡೆ "ಒಡ್ಯಾಕ ಹತ್ತ್ಯಾನ" ಅಂದ್ರ ಒಡಿಯೋದು ಇನ್ನೂ ನಡದೈತಿ, ಅದಕ್ಕ "ಬಿಡು" ಸೇರಿಸಿ "ಒಡದಬಿಡಾಕ ಹತ್ತ್ಯಾನ" ಅಂತ ಮಾಡಿದ್ರ ನಡದೈತಿ ಅನ್ನೋದೂ ಮುಗೀತು ಅನ್ನೋದೂ ಒಂದಕ್ಕೊಂದು ಬಡದಾಡ್ತಾವು.

ಅನುವಾದ ಮಾಡೋರು ಎಡವೋದು ಎರಡನೇ ಕ್ರಿಯಾಪದವನ್ನ ಪದಕ್ಕ ಪದ ತಂದಾಗ. ಹಿಂದಿ "ದೇ ದೋ" ಕನ್ನಡದಾಗ "ಕೊಟ್ಟಬಿಡು" ಆಗ್ತೈತಿ, "ಬತಾ ದೋ" ಸಂದರ್ಭ ನೋಡಿ "ಹೇಳಿಬಿಡು" ಇಲ್ಲಾ ಬರೇ "ಹೇಳು" ಆಗ್ತೈತಿ. ಹಿಂದಿಯೊಳಗ ದೇನಾ ಅಂದ್ರ ಕೆಲಸ ಮಾಡಿದವನಿಂದ ಹೊರಗ ಹೋತು ಅಂತ, ಯಾರಿಗರ ಉಪಕಾರ ಆಗಬೇಕು ಅಂತೇನಿಲ್ಲ. ನಮ್ಮ "ಕೊಡು" ಇನ್ನೊಬ್ಬರ ಅನುಕೂಲ ಕೇಳ್ತೈತಿ. ಅದಕ್ಕ "ತೋಡ್ ದಿಯಾ" ಅಂತ ಇದ್ದದ್ದನ್ನ "ಒಡದಕೊಟ್ಟ" ಅಂತ ಬರದ್ರ ಕಪ್ಪ ಒಡದು ಉಪಕಾರ ಮಾಡಿದ ಹಂಗ ಆಗ್ತೈತಿ, ಅದು "ಒಡದಬಿಟ್ಟ" ಆಗಬೇಕು, "ತೋಡ್ ಡಾಲಾ" ಇದ್ರ "ಒಡದಹಾಕಿದ". ಮರಾಠಿ ನಮಗ ಇನ್ನೂ ಹತ್ರ, ಅವರೂ ನಮ್ಮಂಗ ಮೊದಲನೇದನ್ನ "ಮಾಡಿ" ಥರದ ರೂಪದಾಗ ಇಡ್ತಾರ, ಕರೂನ್, ಫೋಡೂನ್, ಸಾಂಗೂನ್. ಆದ್ರ ಅವರ ಟಾಕ್ ಅಂದ್ರ ಹಾಕು ಅಂತ ನಂಬಿ "ದೇಊನ್ ಟಾಕ್"ಗೆ "ಕೊಟ್ಟಹಾಕು" ಅಂತ ಬರೀಬ್ಯಾಡ್ರಿ. ನಮ್ಮಲ್ಲಿ "ಬಿಡು", "ಹಾಕು" ಹಂಚಿಕೊಂಡ ಕೆಲಸದಾಗ ಭಾಳಷ್ಟನ್ನ ಅವರಲ್ಲಿ ಟಾಕ್ ಒಂದ ಮಾಡ್ತೈತಿ, ಅದು "ಕೊಟ್ಟಬಿಡು".

ಮಾತಾಡುವಾಗಿನ ಮರ್ಯಾದಿಗೂ ಇದು ತಾಗ್ತೈತಿ. ಮನಿಗೆ ಬಂದವರಿಗೆ "ಊಟಾ ಮಾಡ್ರಿ" ಅಂತೀವಿ. "ಊಟಾ ಮಾಡಿಬಿಡ್ರಿ" ಅಂದ್ರ ಊಟ ಒಂದ ಮುಗಿಸಿಬಿಡ್ರಿ, ಹಿಂದ ಬ್ಯಾರೆ ಕೆಲಸ ಕಾದೈತಿ ಅನ್ನೋ ಹಂಗ ಕೇಳಸ್ತೈತಿ. ಬಸ್ಸಿಗೆ ಹೊತ್ತಾಗಿದ್ದವರಿಗೆ ಅದ ಮಾತು ಸರಿಯಾಗಿ ಹೊಂದತೈತಿ, ಆರಾಮ ಕುಂತು ಉಣ್ಣಾಕ ಬಂದ ಬೀಗರಿಗೆ ಹೊಂದೂದಿಲ್ಲ. ಕನ್ನಡ ಹೊಸದಾಗಿ ಕಲಿಯೋರು "ಬಿಡ್ರಿ" ಹಚ್ಚಿದ್ರ ಮೆತ್ತಗಾಗ್ತೈತಿ ಅಂತ ತಿಳಕೊಂಡು ಎಲ್ಲಾದಕ್ಕೂ ಹಚ್ತಾರ, ಅವರಿಗೆ ಇದನ್ನ ಬಿಡಿಸಿ ಹೇಳೋದ ಚಲೋ.

ಕಡೀಕ ಎರಡನೇದರ ಮ್ಯಾಲ ಮೂರನೇದು ಬರೋ ಸಂಗತಿ. ಹಿಂದಿಯಾಗ ಸಾಮಾನ್ಯವಾಗಿ ಒಂದ ವೆಕ್ಟರ್ ಸಾಕು, ಕನ್ನಡದಾಗ ಎರಡು ಪೇರಸಬಹುದು, "ತಲಿ ಒಡಕೊಂಡಬಿಟ್ಟ", "ಕಾಯಿ ಒಡದಕೊಟ್ಟಬಿಟ್ಟ". ಆದ್ರ ಸಾಲು ತಪ್ಪಿಸಾಕ ಬರೂದಿಲ್ಲ. ಯಾರಿಗೆ ಅಂತ ಹೇಳೋ "ಕೊ", "ಕೊಡು" ಕ್ರಿಯಾಪದದ ಮಗ್ಗಲಿಗೆ ಬರ್ತಾವು, ಹೆಂಗ ಮುಗೀತು ಅಂತ ಹೇಳೋ "ಬಿಡು" ತುದಿಗೆ ಬರ್ತೈತಿ. "ಒಡದಬಿಟ್ಟಕೊಂಡ" ಅಂತ ತಿರುವಿ ಹಾಕಿ ನೋಡ್ರಿ, ನಾಲಿಗಿ ಅಲ್ಲೇ ನಿಂದರ್ತೈತಿ.