ರಿಜೆಕ್ಟ್ ಆದ ಇಂಟರ್‌ವ್ಯೂ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಕೆಲಸಕ್ಕೆ ಕೊನೆಯ ಸುತ್ತಿನಲ್ಲಿ ಐದು ಜನ ಕೂತಿದ್ದಾರೆ, ಐವರೂ ಹೆಚ್ಚು ಕಡಿಮೆ ಒಂದೇ ಮಟ್ಟದವರು. ಹಾಗಾದರೆ ಆ ಕೆಲಸ ನಿಮಗೆ ಸಿಗದಿರುವ ಸಾಧ್ಯತೆ 80 ಪರ್ಸೆಂಟ್. ಇಂಥದ್ದೇ ಎರಡು ಕಡೆ ಹೋದರೆ, ಎರಡರಲ್ಲೂ ಸಿಗದಿರುವ ಸಾಧ್ಯತೆ 64. ಹೀಗೆ 0.8ನ್ನು ಗುಣಿಸುತ್ತಾ ಹೋದರೆ ಆರು ಕಡೆ ಸಾಲಾಗಿ ಸಿಗದಿರುವುದು ಸುಮಾರು 26 ಪರ್ಸೆಂಟ್, ಹತ್ತು ಕಡೆ ಸಿಗದಿರುವುದು ಸುಮಾರು 11. ಅಂದರೆ ಯಾವ ಕೊರತೆಯೂ ಇಲ್ಲದ ನೂರು ಹುಡುಗರನ್ನು ಕಳಿಸಿದರೂ ಅವರಲ್ಲಿ 26 ಮಂದಿ ಆರಕ್ಕೆ ಆರೂ ಕಳೆದುಕೊಂಡು ಮನೆಗೆ ಬರುತ್ತಾರೆ.

ಹಾಗಂತ ಎಲ್ಲಾ ಅದೃಷ್ಟದ ಆಟ ಅಂತ ಸುಮ್ನೆ ಕೂರುವ ಹಾಗೂ ಇಲ್ಲ. ಈ ಲೆಕ್ಕ ಒಂದು ಮಾತನ್ನು ನಂಬಿಕೊಂಡಿದೆ: ಒಂದು ಇಂಟರ್‌ವ್ಯೂಗೂ ಇನ್ನೊಂದಕ್ಕೂ ಸಂಬಂಧ ಇಲ್ಲ ಅನ್ನೋದು. ನಿಮ್ಮಲ್ಲಿ ಒಂದೇ ತಪ್ಪಿದ್ದು, ಅದನ್ನು ಹೋದಲ್ಲೆಲ್ಲಾ ಹೊತ್ತುಕೊಂಡು ಹೋಗುತ್ತಿದ್ದರೆ ಲೆಕ್ಕ ಕೆಡುತ್ತದೆ. ಎಷ್ಟು ಸಲ ರಿಜೆಕ್ಟ್ ಆಯಿತು ಅಂತ ಎಣಿಸಿದರೆ ಇದು ಬರೀ ಅದೃಷ್ಟವೋ, ಒಳಗೆ ಅಡಗಿರುವ ತಪ್ಪೋ ಗೊತ್ತಾಗುವುದಿಲ್ಲ. ಪ್ರತಿ ಇಂಟರ್‌ವ್ಯೂ ಯಾವ ಜಾಗದಲ್ಲಿ ಕೈಬಿಟ್ಟಿತು ಅಂತ ನೋಡಬೇಕು.

ನಮ್ಮ ಅಕ್ಕನ ಮಗನ ಉದಾಹರಣೆ ಕೊಡುತ್ತೇನೆ. ಬೈಲಹೊಂಗಲದ ಹುಡುಗ, ಮೆಕ್ಯಾನಿಕಲ್ ಡಿಪ್ಲೊಮಾ. ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆ ಫೌಂಡ್ರಿ, ಮಷಿನ್ ಶಾಪ್‌ಗಳಿಗೆ ಕ್ವಾಲಿಟಿ ಇನ್‌ಸ್ಪೆಕ್ಟರ್ ಕೆಲಸಕ್ಕೆ ಅಲೆಯುತ್ತಿದ್ದ. ಅರ್ಜಿ ಹಾಕಿದ್ದು 30 ಕಡೆ. ಕರೆ ಬಂದಿದ್ದು ಒಂಬತ್ತು ಕಡೆಯಿಂದ. ಲಿಖಿತ ಪರೀಕ್ಷೆ ದಾಟಿ ಕೊನೆಯ ಸುತ್ತಿಗೆ ಹೋಗಿದ್ದು ಆರು ಕಡೆ. ಆರೂ ಕಡೆ ಅದೇ ಮಾತು, "ಆಮ್ಯಾಲೆ ಫೋನ್ ಮಾಡ್ತೀವಿ". ಫೋನ್ ಮಾತ್ರ ಬರಲಿಲ್ಲ.

"30 ಕಡೆ ಆತು ಮಾಮಾ, ನನಗ ಏನೂ ಬರೂದಿಲ್ಲ ಅಂತ ಕಾಣಸ್ತದ" ಅಂದ. 30 ಅನ್ನೋ ಸಂಖ್ಯೆಯೇ ಇಲ್ಲಿ ಮೋಸ. 21 ಕಡೆ ಅವನ ಮುಖ ಕೂಡ ಯಾರೂ ನೋಡಿಲ್ಲ. ಹೊಸಬನಿಗೆ 30ಕ್ಕೆ ಒಂಬತ್ತು ಕರೆ ಬಂದಿವೆ ಅಂದರೆ ಬಯೋಡೇಟಾದಲ್ಲಿ ದೊಡ್ಡ ತೊಂದರೆ ಇಲ್ಲ. ಒಂಬತ್ತರಲ್ಲಿ ಆರು ಲಿಖಿತ ಪರೀಕ್ಷೆ ದಾಟಿದ್ದಾನೆ, ಅಂದರೆ ಓದೂ ಸರಿ ಇದೆ. ಸೋರುತ್ತಿರುವುದು ಕೊನೆಯ ಸುತ್ತಿನಲ್ಲಿ. ಇನ್ನೊಬ್ಬನಿಗೆ 30 ಅರ್ಜಿಗೆ ಒಂದೂ ಕರೆ ಬರದಿದ್ದರೆ ಅವನು ಇಂಟರ್‌ವ್ಯೂ ತಯಾರಿ ಮಾಡುವುದು ದಂಡ. ಅವನು ಬಯೋಡೇಟಾ ನೋಡಬೇಕು, ಇಲ್ಲಾ ಅರ್ಜಿ ಹಾಕುತ್ತಿರುವ ಕೆಲಸವೇ ತನ್ನ ಓದಿಗೆ ಹೊಂದುತ್ತದೆಯಾ ಅಂತ ನೋಡಬೇಕು.

ಸರಿ, ಕೊನೆಯ ಸುತ್ತಿನಲ್ಲಿ ಏನಾಗುತ್ತಿದೆ? ಗಟ್ಟಿಯಾಗಿ ಕೇಳಿದ್ದಕ್ಕೆ ನಾಲ್ಕು ಕಡೆಯವರು ಕಾರಣ ಕೊಟ್ಟಿದ್ದರು. ಮೂವರು "ಅನುಭವ ಕಡಿಮೆ" ಅಂದಿದ್ದರು, ಒಬ್ಬ ಸೂಪರ್‌ವೈಸರ್ ಮಾತ್ರ "ಇನ್‌ಸ್ಟ್ರುಮೆಂಟ್ ಹಿಡಿಯೋ ರೂಢಿ ಇಲ್ಲ ನಿಂಗ" ಅಂದಿದ್ದ. ಮೂರು ಸಲ ಕೇಳಿದ್ದೇ ನಿಜ ಅಂತ ಅನಿಸುವುದು ಸಹಜ. ನನ್ನ ಪ್ರಕಾರ ಇಲ್ಲಿ ತೂಕ ಇರುವುದು ಆ ಒಂದು ಮಾತಿಗೆ. ಹೊಸದಾಗಿ ಡಿಪ್ಲೊಮಾ ಮುಗಿಸಿದ ಯಾರಿಗೆ ಬೇಕಾದರೂ "ಅನುಭವ ಕಡಿಮೆ" ಅನ್ನಬಹುದು, ಎಲ್ಲರಿಗೂ ಅನ್ನುತ್ತಾರೆ ಕೂಡ. ಎಲ್ಲರಿಗೂ ಹೇಳುವ ಮಾತು ನಿಮ್ಮ ಬಗ್ಗೆ ಏನನ್ನೂ ಹೇಳುವುದಿಲ್ಲ. ಸಂಭವನೀಯತೆಯ ಲೆಕ್ಕದಲ್ಲಿ ಇದು ಹಳೆಯ ಸೂತ್ರ: ತಪ್ಪಿದ್ದರೂ ಕೇಳಿಸುವ, ತಪ್ಪಿಲ್ಲದಿದ್ದರೂ ಕೇಳಿಸುವ ಮಾತು ಸಾಕ್ಷಿ ಆಗುವುದಿಲ್ಲ. ಪರೀಕ್ಷಿಸುವುದು ಸುಲಭ. ನಿಮ್ಮ ಜೊತೆ ಬಂದಿದ್ದ, ನಿಮ್ಮ ಹಾಗೇ ರಿಜೆಕ್ಟ್ ಆದ ಗೆಳೆಯರನ್ನು ಕೇಳಿ. ಅವರಿಗೂ ಅದನ್ನೇ ಹೇಳಿದ್ದರೆ ಬಿಟ್ಟುಬಿಡಿ. ನಿಮಗೆ ಮಾತ್ರ ಹೇಳಿದ ಮಾತನ್ನು ಬರೆದಿಡಿ.

ಬರೆದಿಡುವುದಕ್ಕೂ ಒಂದು ಹೊತ್ತಿದೆ. ರಿಸಲ್ಟ್ ಗೊತ್ತಾಗುವ ಮೊದಲೇ ಬರೆಯಬೇಕು. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಬೀಜಿಂಗ್‌ಗೂ ಮಾಸ್ಕೋಗೂ ಹೋಗುವ ಮುಂಚೆ ಬರೂಕ್ ಫಿಶಾಫ್ ಮತ್ತು ರೂತ್ ಬೇತ್ ಎಂಬ ಸಂಶೋಧಕರು, ಆ ಭೇಟಿಗಳಲ್ಲಿ ಏನೇನು ಆಗಬಹುದು, ಒಂದೊಂದಕ್ಕೂ ಎಷ್ಟು ಸಾಧ್ಯತೆ ಅಂತ ಜನರನ್ನು ಕೇಳಿದರು. ಭೇಟಿ ಮುಗಿದ ಮೇಲೆ, ನೀವು ಆವತ್ತು ಎಷ್ಟು ಅಂದಿದ್ದಿರಿ ನೆನಪಿಸಿಕೊಳ್ಳಿ ಅಂದರು. ನಿಜವಾಗಿ ನಡೆದ ಘಟನೆಗಳಿಗೆ ತಾವು ಮೊದಲೇ ಜಾಸ್ತಿ ಸಾಧ್ಯತೆ ಕೊಟ್ಟಿದ್ದೆವು ಅಂತ ಹೆಚ್ಚಿನವರಿಗೆ ನೆನಪು! ಫಲಿತಾಂಶ ಗೊತ್ತಾದ ಮೇಲೆ ನೆನಪು ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಇಂಟರ್‌ವ್ಯೂನಲ್ಲೂ ಅಷ್ಟೇ. ರಿಜೆಕ್ಟ್ ಅಂತ ತಿಳಿದ ಮೇಲೆ ನೆನಪಿಸಿಕೊಂಡರೆ ಎಲ್ಲಾ ಉತ್ತರವೂ ಕೆಟ್ಟದಾಗಿಯೇ ಕಾಣುತ್ತದೆ. ಚೆನ್ನಾಗಿ ಹೇಳಿದ್ದೂ ಮರೆತು ಹೋಗುತ್ತದೆ, ಧೈರ್ಯ ಕುಸಿಯುವುದು ಇಲ್ಲೇ.

ಹಾಗಾಗಿ ಹುಡುಗನಿಗೆ ಹೇಳಿದ್ದು ಇಷ್ಟೇ. ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ಬರಿ. ಏನು ಕೇಳಿದರು, ನೀನು ಏನು ಹೇಳಿದೆ, ಯಾವ ಪ್ರಶ್ನೆ ಆದ ಮೇಲೆ ಎದುರಿಗೆ ಕೂತವರ ಆಸಕ್ತಿ ಇಳಿಯಿತು. "ಚಲೋ ಆಗ್ಲಿಲ್ಲ" ಅಂತ ಬರೀಬೇಡ, ನಡೆದದ್ದು ಬರಿ.

ಮುಂದಿನ ಎರಡು ಇಂಟರ್‌ವ್ಯೂಗಳ ಟಿಪ್ಪಣಿ ಓದಿದಾಗ ವಿಷಯ ಹೊರಬಿತ್ತು. ಎರಡೂ ಕಡೆ ಮಾತೆಲ್ಲಾ ಚೆನ್ನಾಗಿ ನಡೆದಿದೆ. ಆಮೇಲೆ ಕೈಗೆ ವರ್ನಿಯರ್ ಕ್ಯಾಲಿಪರ್ ಕೊಟ್ಟಿದ್ದಾರೆ, ಅಲ್ಲಿಂದ ಮಾತು ಬೇಗ ಮುಗಿದಿದೆ. ಒಂದು ಕಡೆಯದು ಅವನು ಪೂರ್ತಿ ಬರೆದಿದ್ದ. ಡ್ರಾಯಿಂಗ್‌ನಲ್ಲಿ ಅಳತೆ 32.00, ಟಾಲರೆನ್ಸ್ ಆಚೀಚೆ 0.15 ಮಿಲಿಮೀಟರ್. ಅಂದರೆ 31.85ರಿಂದ 32.15ರ ತನಕ ಪೀಸ್ ಪಾಸ್. ಇವನು ಓದಿದ್ದು 32.16. "ರಿಜೆಕ್ಟ್ ಸರ್" ಅಂದಿದ್ದಾನೆ. ಆ ಹಿರಿಯರು "ತಮ್ಮಾ, ಝೀರೋ ನೋಡಿದೇನು?" ಅಂತ ಕೇಳಿ, ಕ್ಯಾಲಿಪರ್‌ನ ದವಡೆ ಪೂರ್ತಿ ಮುಚ್ಚಿ ತೋರಿಸಿದರಂತೆ. ಮುಚ್ಚಿದರೂ ಸ್ಕೇಲು ಸೊನ್ನೆಯಲ್ಲಿ ನಿಲ್ಲದೆ 0.04 ಮುಂದೆ ನಿಂತಿತ್ತು. ಅದನ್ನು ಕಳೆದರೆ ನಿಜವಾದ ಅಳತೆ 32.12, ಪೀಸ್ ಪಾಸ್. ಅಳೆಯುವ ಮೊದಲು ಝೀರೋ ಎರರ್ ನೋಡುವುದು ಡಿಪ್ಲೊಮಾದ ಲ್ಯಾಬ್‌ನಲ್ಲಿ ಎಲ್ಲರೂ ಬರೆಯುವ ಸಾಲು. ಕೈಗೆ ರೂಢಿ ಆಗಿರಲಿಲ್ಲ ಅಷ್ಟೇ. "ಅನುಭವ ಕಡಿಮೆ" ಅಂದ ಮೂವರೂ ಬಹುಶಃ ಇಂಥದ್ದೇ ಏನನ್ನೋ ನೋಡಿ, ಬಿಡಿಸಿ ಹೇಳುವ ಗೋಜಿಗೆ ಹೋಗದೆ ಒಂದು ಸಿದ್ಧ ಮಾತು ಹೇಳಿ ಕಳಿಸಿರಬಹುದು.

"ನನಗ ಏನೂ ಬರೂದಿಲ್ಲ" ಅನ್ನುವುದಕ್ಕೂ "ನಾನು ಝೀರೋ ನೋಡದೆ ಅಳೀತೀನಿ" ಅನ್ನುವುದಕ್ಕೂ ಎಷ್ಟು ದೂರ ನೋಡಿ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ಇದರ ಬಗ್ಗೆ ಬರೆದಿದ್ದರು. ನಾನು ಮಾಡಬಲ್ಲೆ ಅನ್ನುವ ನಂಬಿಕೆ ಒಂದೊಂದು ಕೆಲಸಕ್ಕೆ ಒಂದೊಂದು ಥರ ಇರುತ್ತದೆ, ಮತ್ತು ಅದನ್ನು ಎಲ್ಲಕ್ಕಿಂತ ಗಟ್ಟಿಯಾಗಿ ಬೆಳೆಸುವುದು ಆ ಕೆಲಸವನ್ನೇ ಕೈಯಾರೆ ಮಾಡಿ ಗೆದ್ದ ಅನುಭವ ಅನ್ನುವುದು ಅವರ ವಾದ. ಹುಡುಗನಿಗೆ ಭಾಷಣ ಬೇಕಿರಲಿಲ್ಲ. ಉದ್ಯಮಬಾಗದಲ್ಲಿ ಲೇಥ್ ಇಟ್ಟುಕೊಂಡಿರುವ ಗೆಳೆಯನ ಶೆಡ್‌ನಲ್ಲಿ ಸಂಜೆ ಹೊತ್ತು ಹೋಗಿ, ತೆಗೆದುಹಾಕಿದ ಪೀಸ್‌ಗಳನ್ನು ಅಳೆದ. ಪ್ರತಿ ಸಲ ಮೊದಲು ದವಡೆ ಮುಚ್ಚಿ ಸೊನ್ನೆ ನೋಡು, ಆಮೇಲೆ ಅಳೆ. ಬೇರೆ ಏನನ್ನೂ ಬದಲಿಸಬೇಡ ಅಂದಿದ್ದೆ. ಅಂಗಿ, ಬಯೋಡೇಟಾ, ಮಾತಾಡುವ ರೀತಿ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತ ತಿಳಿಯುವುದೇ ಇಲ್ಲ, ಅಲ್ವಾ?

ಅದಾದ ಮೇಲಿನ ಇಂಟರ್‌ವ್ಯೂನಲ್ಲೂ ಅವನಿಗೆ ಕೆಲಸ ಸಿಗಲಿಲ್ಲ. ಆದರೆ ಟಿಪ್ಪಣಿ ಬೇರೆ ಇತ್ತು. ಅಳತೆ ಸರಿ ಬಂದಿತ್ತು, ಮಾತು ಮುಂದುವರಿದು ಸಂಬಳದ ತನಕ ಹೋಗಿತ್ತು. ಅವರಿಗೆ ಕಾಯಂ ನೈಟ್ ಶಿಫ್ಟ್‌ಗೆ ಜನ ಬೇಕಿತ್ತು, ಇವನು ಒಪ್ಪಲಿಲ್ಲ. ಇದನ್ನು ಹಿಂದಿನ ಎಂಟರ ಸಾಲಿಗೆ ಸೇರಿಸಿ ಒಂಬತ್ತು ಅಂತ ಎಣಿಸಬಾರದು. ಅಡ್ಡ ಬಂದ ಜಾಗವೇ ಬೇರೆ. ಈ ಸಲ ಅಲ್ಲಿಯ ಸೂಪರ್‌ವೈಸರ್‌ಗೆ ಫೋನ್ ಮಾಡಿ "ಯಾಕೆ ತಗೊಳ್ಲಿಲ್ಲ" ಅಂತ ಕೇಳದೆ, "ಸರ್, ಮುಂದಿನ ಸಲಕ್ಕ ಏನ್ ಪ್ರಾಕ್ಟೀಸ್ ಮಾಡ್ಲಿ ಹೇಳ್ರಿ" ಅಂತ ಕೇಳಿದ. ಮೊದಲನೇ ಪ್ರಶ್ನೆಗೆ ಜನ ತಮ್ಮನ್ನು ಸಮರ್ಥಿಸಿಕೊಳ್ಳುತ್ತಾರೆ, ಎರಡನೆಯದಕ್ಕೆ ಹೇಳಿಕೊಡುತ್ತಾರೆ. ಅವರು ಡ್ರಾಯಿಂಗ್‌ನಲ್ಲಿ ಪೊಸಿಶನ್ ಟಾಲರೆನ್ಸ್‌ನ ಗುರುತು, ಅಂದರೆ ತೂತಿನಂಥದ್ದು ತನ್ನ ಜಾಗದಿಂದ ಎಷ್ಟು ಸರಿಯಬಹುದು ಅಂತ ಹೇಳುವ ಗುರುತು, ಓದೋದು ಕಲಿ ಅಂದರಂತೆ. ಈಗ ಅದು ನಡೆದಿದೆ.